14 ಸಾವಿರ ಗಳಿಕೆಗೆ 48 ಸಾವಿರ ತೆರಿಗೆ: ನಮ್ಮ ಮನಿ ಎರಡು ಠೇವಣಿ ಲೆಕ್ಕ



ಹತ್ತಿಗೆ ಎರಡನೇ ಎಡೆ ಹೊಡೆದಾಯ್ತು, ಎರಡು ದಿನ ಮಳೆ ಹಿಡಿದದ, ಹೊಲಕ್ಕ ಕಾಲಿಡಂಗಿಲ್ಲ. ಮನ್ಯಾಗ ಕುಂತು ಬ್ಯಾಂಕಿನ ಕಾಗದ ತೆಗೆದು ಲೆಕ್ಕ ಹಾಕಿದೆ. ಈ ಸಲ ಬೆಳೆ ವಿಷಯ ಅಲ್ಲ, ಬೆಳೆ ಮಾರಿ ಬಂದ ರೊಕ್ಕದ ವಿಷಯ ಬರೀತೀನಿ. ಸ್ವಲ್ಪ ಉದ್ದ ಅದ, ಪುರುಸೊತ್ತಿನಾಗ ಓದ್ರಿ.

2020ರ ಜೂನ್ ತಿಂಗಳು. ಲಾಕ್‌ಡೌನ್ ಸಡಿಲ ಆಗಿತ್ತು. ನಾನು ಮತ್ತು ನನ್ನ ತಮ್ಮ ಹಂಚಿಕೊಂಡ ರೊಕ್ಕದಾಗ ತಲಾ ಐದು ಲಕ್ಷ ಠೇವಣಿ ಇಟ್ವಿ. ಒಂದೇ ಬ್ಯಾಂಕು, ಒಂದೇ ದಿನ, ಐದು ವರ್ಷದ ಮುದ್ದತು, ಶೇ. 5.4 ಬಡ್ಡಿ. ಬಡ್ಡಿ ತಿಂಗಳಾ ತಗೊಳ್ಳದೆ ಅಸಲಿಗೆ ಸೇರ್ತಾ ಹೋಗೋ ಠೇವಣಿ. ನಾನು ಊರಾಗ ಹೊಲ ಮಾಡ್ತೀನಿ. ತಮ್ಮ ಬೆಂಗಳೂರಾಗ ನೌಕರಿ, ಪಗಾರ ಚಲೋ ಅದ, ಆದಾಯ ತೆರಿಗೆಯ ಶೇ. 30ರ ಹಂತದಾಗ ಬರ್ತಾನ.

2025ರ ಜೂನ್‌ನಾಗ ಎರಡೂ ಠೇವಣಿ ಪಕ್ವ ಆದ್ವು. ಇಬ್ಬರಿಗೂ 6,53,800 ರೂಪಾಯಿ ಬಂತು. ಅವ್ವಗ ಭಾರಿ ಖುಷಿ. "ಕುಂತಲ್ಲೇ ಒಂದೂವರೆ ಲಕ್ಷ ಬಂತಲ್ಲೋ" ಅಂದ್ಲು. ನನಗೂ ಹಂಗೇ ಅನ್ನಿಸಿತ್ತು. ತಮ್ಮ ಮಾತ್ರ ಫೋನಿನಾಗ ನಕ್ಕ. "ಅಣ್ಣಾ, ನನಗ ಲುಕ್ಸಾನು ಆಗ್ಯಾದ" ಅಂದ. ರೊಕ್ಕ ಬಂದು ಕೈಗೆ ಬಿದ್ದದ, ಲುಕ್ಸಾನು ಎಂಥದ್ದು ಅಂತ ನಾನು ಜಗಳಾನೇ ಮಾಡಿದೆ. ಆಮೇಲೆ ಲೆಕ್ಕ ಹಾಕಿ ನೋಡಿದ್ರ ಅವನು ಹೇಳಿದ್ದು ಖರೇ ಇತ್ತು. ಆ ಲೆಕ್ಕ ಇಲ್ಲಿ ಇಡ್ತೀನಿ.

ಮೊದಲು ಬೆಲೆ ಏರಿಕೆ

ರೊಕ್ಕ ಅಂದ್ರ ಬರೀ ಅಂಕಿ. ಅದಕ್ಕ ಎಷ್ಟು ಸಾಮಾನು ಬರ್ತದ ಅನ್ನೋದೇ ಅದರ ತೂಕ. ಐದು ವರ್ಷದ ಹಿಂದ ಐದು ಲಕ್ಷಕ್ಕ ಬರ್ತಿದ್ದ ಸಾಮಾನು ಈಗ ಎಷ್ಟಕ್ಕ ಬರ್ತದ ಅಂತ ನೋಡಬೇಕು.

ಕೇಂದ್ರ ಸರ್ಕಾರ ಪ್ರತಿ ತಿಂಗಳು ಗ್ರಾಹಕ ಬೆಲೆ ಸೂಚ್ಯಂಕ ಅಂತ ಬಿಡುಗಡೆ ಮಾಡ್ತದ. ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ದವಾಖಾನಿ ಖರ್ಚು, ಬಸ್ ಚಾರ್ಜು, ಸಾಲಿ ಫೀಸು ಎಲ್ಲ ಸೇರಿಸಿ ಒಂದು ಬುಟ್ಟಿ ಮಾಡಿ, ಆ ಬುಟ್ಟಿಯ ಬೆಲೆ ಎಷ್ಟಾತು ಅಂತ ಹೇಳೋ ಅಂಕಿ ಅದು. 2012ರಲ್ಲಿ 100 ರೂಪಾಯಿ ಇದ್ದ ಬುಟ್ಟಿ 2020ರ ಜೂನ್‌ನಾಗ 151.8 ಆಗಿತ್ತು. ನಂತರ ಒಂದೊಂದು ಜೂನ್‌ಗೆ ಎಷ್ಟು ಏರಿತು ನೋಡ್ರಿ: 2021ಕ್ಕ ಶೇ. 6.26, 2022ಕ್ಕ ಶೇ. 7.01, 2023ಕ್ಕ ಶೇ. 4.87, 2024ಕ್ಕ ಶೇ. 5.08, 2025ಕ್ಕ ಶೇ. 2.1. ಒಂದರ ಮ್ಯಾಲೆ ಒಂದು ಏರಿ ಐದು ವರ್ಷದಾಗ ಸುಮಾರು ಶೇ. 28 ಆಯ್ತು.

ಅಂದ್ರ 2020ರಲ್ಲಿ ಐದು ಲಕ್ಷಕ್ಕ ಬರ್ತಿದ್ದ ಸಾಮಾನು 2025ರ ಜೂನ್‌ನಾಗ ತರಬೇಕಂದ್ರ 6,39,700 ರೂಪಾಯಿ ಬೇಕಿತ್ತು. ನನಗ ಬಂದದ್ದು 6,53,800. ಕಳೆದ್ರ ಉಳಿಯೋದು 14,100. ಅವ್ವ "ಒಂದೂವರೆ ಲಕ್ಷ" ಅಂದದ್ರಾಗ 1,39,700 ರೂಪಾಯಿ ಗಳಿಕೆ ಅಲ್ಲ, ಬರೀ ಹಳೇ ಜಾಗದಾಗ ನಿಲ್ಲಕ್ಕ ಬೇಕಾದ ರೊಕ್ಕ. ಮಳೆಗೆ ಕೊಚ್ಚಿಹೋದ ಮಣ್ಣು ತಂದು ಮತ್ತ ಬದುವಿಗೆ ಹಾಕಿದಂಗ. ಬದು ಎತ್ತರ ಆಗಿಲ್ಲ, ಇದ್ದಷ್ಟೇ ಅದ.

ಐದು ಲಕ್ಷ ಐದು ವರ್ಷ ಬ್ಯಾಂಕಿನಾಗ ಕುಂತು ದುಡಿದದ್ದು 14,100. ವರ್ಷಕ್ಕ ಅರ್ಧ ಪರ್ಸೆಂಟೂ ಆಗಂಗಿಲ್ಲ. ಬೋರ್ಡಿನ ಮ್ಯಾಲೆ ಬರೆದದ್ದು 5.4, ಖರೇ ಬಡ್ಡಿ 0.4 ಚಿಲ್ಲರೆ.

ಇನ್ನೊಂದು ಮಾತು. 2024ರ ಜೂನ್‌ನಾಗ, ನಾಲ್ಕು ವರ್ಷ ಮುಗಿದಾಗ ಇದೇ ಲೆಕ್ಕ ಹಾಕಿದ್ರ ನಾನೂ ಲುಕ್ಸಾನಿನಾಗೇ ಇದ್ದೆ. ಆಗ ಠೇವಣಿ 6,19,650ಕ್ಕ ಬಂದಿತ್ತು, ಬೆಲೆ ಏರಿಕೆಗೆ ಸರಿಹೋಗಕ್ಕ 6,26,500 ಬೇಕಿತ್ತು. ಕೊನೇ ವರ್ಷ ಬೆಲೆ ಬರೀ ಶೇ. 2.1 ಏರಿದ್ದಕ್ಕ ನಾನು ಮ್ಯಾಲೆ ಬಂದೆ. ಆ ವರ್ಷ ಬೆಲೆ ಯಾಕ ಏರಲಿಲ್ಲ? 2025ರ ಜೂನ್‌ನಾಗ ತರಕಾರಿ ಬೆಲೆ ಅದರ ಹಿಂದಿನ ವರ್ಷಕ್ಕಿಂತ ಶೇ. 19, ಬೇಳೆಕಾಳು ಶೇ. 11ಕ್ಕೂ ಹೆಚ್ಚು ಇಳಿದಿತ್ತು. 2024ರಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರ ದಾಟಿದ್ದ ತೊಗರಿ 2025ರಲ್ಲಿ ಬೆಂಬಲ ಬೆಲೆಗಿಂತ ಕೆಳಗ ಬಿತ್ತು, ಅದು ನಿಮಗೆಲ್ಲ ಗೊತ್ತೇ ಅದ. ನನ್ನ ಠೇವಣಿ ಉಳಿಸಿದ್ದು ನನ್ನ ತೊಗರಿ ರೇಟು ಬಿದ್ದದ್ದು. ಒಂದು ಕಿಸೆಯಿಂದ ಹೋದದ್ದು ಇನ್ನೊಂದು ಕಿಸೆಯಾಗ ಸ್ವಲ್ಪ ಕಾಣಿಸ್ತು, ಅಷ್ಟೇ.

ಈಗ ತಮ್ಮನ ಲೆಕ್ಕ

ತಮ್ಮಗೂ ಬಡ್ಡಿ ಬಂದದ್ದು 1,53,800. ಆದ್ರ ಅವನ ಬಡ್ಡಿಗೆ ತೆರಿಗೆ ಅದ. ಶೇ. 30, ಅದರ ಮ್ಯಾಲೆ ಶೇ. 4ರ ಸೆಸ್, ಒಟ್ಟು ಶೇ. 31.2. ಅಂದ್ರ ಹತ್ತಿರ ಹತ್ತಿರ 48,000 ರೂಪಾಯಿ. ಅದು ಹೋಗಿ ಅವನಿಗೆ ಉಳಿದದ್ದು 6,05,800. ಬೆಲೆ ಏರಿಕೆಗೆ ಸರಿಹೋಗಕ್ಕ ಬೇಕಾದದ್ದು 6,39,700. ಹಂಗಾಗಿ ಅವನಿಗೆ ಸುಮಾರು 33,900 ರೂಪಾಯಿ ಕೊರತೆ. ಬೆಂಗಳೂರಾಗ ದುಡಿದು ಉಳಿಸಿದ ಐದು ಲಕ್ಷ ಐದು ವರ್ಷ ಆದ ಮ್ಯಾಲೆ 2020ರ ಬೆಲೆಯಾಗ ನಾಲ್ಕು ಲಕ್ಷ 73 ಸಾವಿರ ಆಗಿ ವಾಪಸ್ ಬಂತು.

ಇಲ್ಲೇ ನನ್ನ ತಕರಾರು ಇರೋದು. ಮ್ಯಾಲಿನ ಲೆಕ್ಕದ ಪ್ರಕಾರ ಆ ಬಡ್ಡಿಯಾಗ ಖರೇ ಗಳಿಕೆ 14,100 ಮಾತ್ರ. ಉಳಿದದ್ದು ರೊಕ್ಕದ ಸವಕಳಿ ತುಂಬಿದ್ದು. ಆದ್ರ ತೆರಿಗೆ ಹಾಕೋ ಮುಂದ ಸರ್ಕಾರ ಸವಕಳಿ ಕಳಿಯಂಗಿಲ್ಲ, ಪೂರಾ 1,53,800ರ ಮ್ಯಾಲೆ ಹಾಕ್ತದ. 14 ಸಾವಿರ ಗಳಿಕೆಗೆ 48 ಸಾವಿರ ತೆರಿಗೆ. ಪ್ಲಾಟು ಮಾರಿದವರಿಗೆ ಹಳೇ ಖರೀದಿ ಬೆಲೆಯನ್ನ ಬೆಲೆ ಏರಿಕೆ ತಕ್ಕಂಗ ಹೆಚ್ಚಿಸಿಕೊಂಡು ಉಳಿದ ಲಾಭಕ್ಕ ಮಾತ್ರ ತೆರಿಗೆ ಕಟ್ಟೋ ದಾರಿ ವರ್ಷಾನುಗಟ್ಟಲೆ ಇತ್ತು. 2024ರ ಜುಲೈಗಿಂತ ಮೊದಲು ತಗೊಂಡ ಜಾಗಕ್ಕ ಈಗಲೂ ಆ ಆಯ್ಕೆ ಅದ. ಠೇವಣಿ ಇಟ್ಟವನಿಗೆ ಇಂಥ ದಾರಿ ಇಲ್ಲ. ಪ್ಲಾಟು ತಗೊಂಡವನ ರೊಕ್ಕ ಸವೀತದ ಅಂತ ಒಪ್ಪಿದ ಮ್ಯಾಲೆ, ಬ್ಯಾಂಕಿನಾಗ ಇಟ್ಟವನ ರೊಕ್ಕ ಸವಿಯಂಗಿಲ್ಲ ಅನ್ನೋದು ಯಾವ ನ್ಯಾಯ?

ತಮ್ಮ ಮೊದಲ ಎರಡು ವರ್ಷ ಈ ತೆರಿಗೆ ಕಟ್ಟಿರಲಿಲ್ಲ. ಬ್ಯಾಂಕಿನವರು ಟಿಡಿಎಸ್ ಹಿಡಿದಿಲ್ಲ, ಅಂದ್ರ ತೆರಿಗೆ ಇಲ್ಲ ಅಂತ ತಿಳಿದಿದ್ದ. ಇದು ಬಹಳ ಮಂದಿ ಮಾಡೋ ತಪ್ಪು. ಆಗ ಒಂದು ಬ್ಯಾಂಕಿನಾಗ ವರ್ಷದ ಬಡ್ಡಿ 40,000 ದಾಟಿದ್ರ ಮಾತ್ರ ಟಿಡಿಎಸ್ ಹಿಡೀತಿದ್ರು. ಅವನ ಬಡ್ಡಿ ಮೊದಲ ವರ್ಷ 27,500, ಕೊನೇ ವರ್ಷ 34 ಸಾವಿರ, ದಾಟಲೇ ಇಲ್ಲ. ಆದ್ರ ಟಿಡಿಎಸ್ ಅನ್ನೋದು ತೆರಿಗೆಯ ಮುಂಗಡ ಮಾತ್ರ. ಹಿಡಿಯದಿದ್ರೂ ಬಡ್ಡಿ ಅವನ ಆದಾಯಕ್ಕ ಸೇರಲೇಬೇಕು, ಅದೂ ರೊಕ್ಕ ಕೈಗೆ ಬರೋಕ್ಕಿಂತ ಮೊದಲು, ವರ್ಷ ವರ್ಷ ಬಡ್ಡಿ ಹುಟ್ಟಿದಂಗ. ಪ್ಯಾನ್ ನಂಬರಿನ ಮ್ಯಾಲೆ ಎಲ್ಲ ಬ್ಯಾಂಕಿನ ಬಡ್ಡಿ ಆದಾಯ ತೆರಿಗೆ ಇಲಾಖೆಗೆ ಕಾಣ್ತದ. ಆಮೇಲೆ ಬಡ್ಡಿ ಸೇರಿಸಿ ಕಟ್ಟಿದ. ಮ್ಯಾಲಿನ 48 ಸಾವಿರದಾಗ ಆ ದಂಡದ ಬಡ್ಡಿ ಸೇರಿಸಿಲ್ಲ.

ನನಗ ತೆರಿಗೆ ಯಾಕ ಬರಲಿಲ್ಲ

"ನಾವು ರೈತರು, ನಮಗ ತೆರಿಗೆ ಇಲ್ಲ" ಅಂತ ನಮ್ಮೋರು ಹೇಳ್ತಾರ. ಅರ್ಧ ಮಾತು ಖರೇ. ಬೆಳೆ ಮಾರಿದ ಆದಾಯಕ್ಕ ತೆರಿಗೆ ಇಲ್ಲ. ಆದ್ರ ಅದೇ ರೊಕ್ಕ ಬ್ಯಾಂಕಿಗೆ ಹೋಗಿ ಬಡ್ಡಿ ಹುಟ್ಟಿದ ಕೂಡ್ಲೆ ಆ ಬಡ್ಡಿ ಕೃಷಿ ಆದಾಯ ಅಲ್ಲ. ನನಗ ತೆರಿಗೆ ಬರದೇ ಇದ್ದದ್ದು ನಾನು ರೈತ ಅಂತಲ್ಲ, ಬ್ಯಾರೆ ಆದಾಯ ಇಲ್ಲದೆ ನನ್ನ ಬಡ್ಡಿ ತೆರಿಗೆ ಮಿತಿಗಿಂತ ಎಷ್ಟೋ ಕೆಳಗ ಇದ್ದದ್ದಕ್ಕ.

ಹಂಗಿದ್ರೂ ಠೇವಣಿ ದೊಡ್ಡದಿದ್ರ ಬ್ಯಾಂಕಿನವರು ಹಿಡೀತಾರ. 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಗ್ಯಾದ, 60 ದಾಟಿದವರಿಗೆ ಒಂದು ಲಕ್ಷ. ಮಿತಿ ದಾಟಿದ್ರ ಹೆಚ್ಚಿಗಿ ಆದದ್ದಕ್ಕಷ್ಟೇ ಅಲ್ಲ, ಪೂರಾ ಬಡ್ಡಿಗೆ ಶೇ. 10 ಹಿಡೀತಾರ. ಪ್ಯಾನ್ ಕೊಟ್ಟಿರದಿದ್ರ ಶೇ. 20. ತೆರಿಗೆ ಬಾಕಿ ಇಲ್ಲದವರು ಏಪ್ರಿಲ್‌ನಾಗೇ ಅದಕ್ಕಂತ ಇರೋ ಫಾರ್ಮು ತುಂಬಿ ಕೊಡಬೇಕು, ಪ್ರತಿ ವರ್ಷ ಕೊಡಬೇಕು. ಒಮ್ಮೆ ಹಿಡಿದ್ರೋ, ರಿಟರ್ನ್ ಹಾಕಿ ವಾಪಸ್ ತಗೊಳ್ಳಬೇಕು. ನಮ್ಮ ಕಡೆ ರಿಟರ್ನ್ ಹಾಕೋರು ಎಷ್ಟು ಮಂದಿ? ಕಟ್ಟಬೇಕಿಲ್ಲದ ತೆರಿಗೆ ಹಂಗೇ ಬಿಟ್ಟು ಬರ್ತಾರ. ಖರೇ ಬಡ್ಡಿ ಅರ್ಧ ಪರ್ಸೆಂಟೂ ಇಲ್ಲದ ಕಡೆ ಬಡ್ಡಿಯ ಹತ್ತನೇ ಒಂದು ಪಾಲು ಬಿಟ್ಟ್ರ ಗಳಿಕೆ ಅಲ್ಲಿಗೇ ಮುಗೀತು.

ಯಾರ ಹೆಸರಿನಾಗ ಇಡಬೇಕು

ನಮ್ಮ ಊರು ಕಡೆ ಒಂದು ರೂಢಿ ಅದ. ಮನ್ಯಾಗ ಓದಿದ ಹುಡುಗ, ನೌಕರಿ ಇರೋ ಹುಡುಗ ಯಾರಿದ್ದಾನೋ ಅವನ ಹೆಸರಿನಾಗ ಠೇವಣಿ ಇಡೋದು. ಫಾರ್ಮು ಅವನೇ ತುಂಬ್ತಾನ, ಮೊಬೈಲಿನಾಗ ಅವನೇ ನೋಡ್ತಾನ ಅಂತ. ಬೆಳೆ ರೊಕ್ಕ ಕೂಡ ಹಂಗೇ ಹೋಗ್ತದ. ನನ್ನ ಅಭಿಪ್ರಾಯದಾಗ ಇದು ನಮ್ಮ ಮನಿಗಳು ಮಾಡೋ ದೊಡ್ಡ ತಪ್ಪು. ಬಡ್ಡಿ ದರ ಕಾಲು ಪರ್ಸೆಂಟು ಹೆಚ್ಚು ಸಿಗ್ತದ ಅಂತ ಮಾನವಿಗೂ ರಾಯಚೂರಿಗೂ ಅಡ್ಡಾಡ್ತೀವಿ, ಹೆಸರಿನಾಗ ಹೋಗೋ ಒಂದೂವರೆ ಪರ್ಸೆಂಟು ನೋಡಂಗಿಲ್ಲ.

ತಮ್ಮನ ಅದೇ ಐದು ಲಕ್ಷ 2020ರಲ್ಲಿ ಅವ್ವನ ಹೆಸರಿನಾಗ ಇಟ್ಟಿದ್ರ? ಅವ್ವಗ ಆಗಲೇ 60 ದಾಟಿತ್ತು. ಹಿರಿಯರಿಗೆ ಬ್ಯಾಂಕು ಸಾಮಾನ್ಯವಾಗಿ ಅರ್ಧ ಪರ್ಸೆಂಟು ಹೆಚ್ಚು ಕೊಡ್ತದ. 5.9ರ ಲೆಕ್ಕಕ್ಕ ಐದು ವರ್ಷಕ್ಕ 6,70,100 ಆಗ್ತಿತ್ತು, ತೆರಿಗೆ ಸೊನ್ನೆ. ತಮ್ಮನ ಕೈಗೆ ಉಳಿದದ್ದು 6,05,800. ಅಂತರ 64 ಸಾವಿರ ಚಿಲ್ಲರೆ. ಅದೇ ರೊಕ್ಕ, ಅದೇ ಬ್ಯಾಂಕು.

ಇದ್ರಾಗ ಕಳ್ಳ ಲೆಕ್ಕ ಏನಿಲ್ಲ. ಮಗ ತಾಯಿಗೆ ಕೊಟ್ಟ ರೊಕ್ಕಕ್ಕ ತೆರಿಗೆ ಇಲ್ಲ, ಆ ರೊಕ್ಕದ ಬಡ್ಡಿ ತಾಯಿ ಆದಾಯ ಅಂತಾನೇ ಎಣಿಸ್ತಾರ. ಅಪ್ಪಗ, ಅಣ್ಣ-ತಮ್ಮರಿಗೆ ಕೊಟ್ರೂ ಅಷ್ಟೇ. ಆದ್ರ ಹೆಂಡ್ತಿ ಹೆಸರಿನಾಗ ಇಟ್ರ ನಡೆಯಂಗಿಲ್ಲ, ಆ ಬಡ್ಡಿಯನ್ನ ಗಂಡನ ಆದಾಯಕ್ಕೇ ಸೇರಿಸ್ತಾರ. ಇನ್ನೊಂದು ಎಚ್ಚರ: ಕೊಟ್ಟದ್ದು ಅಂದ್ರ ಕೊಟ್ಟದ್ದೇ. ಅವ್ವನ ಹೆಸರಿಗೆ ಹೋದ ರೊಕ್ಕ ಅವ್ವಂದು. ನಾಮಿನಿ ಅಂತ ನನ್ನ ಹೆಸರು ಇದ್ರೂ ಅವ್ವನ ನಂತರ ಎಲ್ಲ ಮಕ್ಕಳಿಗೂ ಅದರಾಗ ಹಕ್ಕು ಅದ, ಅಕ್ಕ-ತಂಗಿಯರಿಗೂ ಅದ. ಮನ್ಯಾಗ ಬಾಯಿ ಬಿಟ್ಟು ಮಾತಾಡಿಕೊಂಡು ಇಡ್ರಿ. 48 ಸಾವಿರ ಉಳಿಸಾಕ ಹೋಗಿ ಕೋರ್ಟ್ ಮೆಟ್ಟಿಲು ಹತ್ತಬಾರದು.

ನಮ್ಮ ಬುಟ್ಟಿ ಬ್ಯಾರೆ

ಸರ್ಕಾರದ ಬುಟ್ಟಿಯ ಶೇ. 28 ಎಲ್ಲರಿಗೂ ಒಂದೇ ಅಲ್ಲ. ರೊಕ್ಕ ಯಾವ ಕೆಲಸಕ್ಕ ಇಟ್ಟೀರಿ ಅನ್ನೋದರ ಮ್ಯಾಲೆ ಅದ. ಯೂರಿಯಾ ತಗೊಳ್ಳಕ್ಕ ಇಟ್ಟಿದ್ರ ನಾನು ಗೆದ್ದೆ. 45 ಕಿಲೋ ಚೀಲ ಆಗಲೂ 266 ರೂಪಾಯಿ 50 ಪೈಸೆ, ಈಗಲೂ ಅಷ್ಟೇ. ಕೂಲಿಗೆ ಇಟ್ಟಿದ್ರ ಸೋತೆ. ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿ 2020ರಲ್ಲಿ 275 ಇತ್ತು, 2025ರಲ್ಲಿ 370. 2020ರಲ್ಲಿ ಐದು ಲಕ್ಷಕ್ಕ 1,818 ಆಳು ಸಿಗ್ತಿದ್ರು, 2025ರಲ್ಲಿ ಬಡ್ಡಿ ಸೇರಿ ಬಂದ ರೊಕ್ಕಕ್ಕ 1,767.

ನಾನು ಇಟ್ಟದ್ದು ಮಗಳ ಲಗ್ನಕ್ಕ. ಲಗ್ನ ಅಂದ್ರ ಬಂಗಾರ. ಆಗ ತೊಲಿ 48 ಸಾವಿರದ ಆಸುಪಾಸು ಇತ್ತು, ಐದು ಲಕ್ಷಕ್ಕ ಹತ್ತು ತೊಲಿ ಬರ್ತಿತ್ತು. 2025ರ ಜೂನ್‌ನಾಗ ರೇಟು ಡಬಲ್ ಆಗಿ, ಆರೂವರೆ ಲಕ್ಷಕ್ಕ ಏಳು ತೊಲಿನೂ ಪೂರಾ ಬರ್ತಿರಲಿಲ್ಲ. ಹಂಗಂತ ಎಲ್ಲ ಬಂಗಾರ ತಗೋರಿ ಅಂತ ನಾನು ಹೇಳಂಗಿಲ್ಲ. ಬಂಗಾರನೂ ಇಳಿದ ವರ್ಷ ಅವ. ಲಗ್ನಕ್ಕ ಎಷ್ಟು ತೊಲಿ ಬೇಕು ಅಂತ ಗೊತ್ತಿದ್ರ ಅಷ್ಟರ ಮಟ್ಟಿಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೂಡಿಸಿದ್ರ ಆ ಚಿಂತಿ ಇರ್ತಿರಲಿಲ್ಲ.

ಐದು ವರ್ಷದ ಗಳಿಕೆ ಎಂಟು ತಿಂಗಳಾಗ ಹೋದದ್ದು

ಈಗ ನನ್ನ ದಡ್ಡತನ ಹೇಳ್ತೀನಿ. ಠೇವಣಿ ಇಟ್ಟ ಮರುವರ್ಷ ಮುಂಗಾರಿಗೆ ಕೈಯಾಗ ರೊಕ್ಕ ಇರಲಿಲ್ಲ. ಲಗ್ನದ ರೊಕ್ಕ ಮುಟ್ಟಬಾರದು ಅಂತ ಅಡತಿ ಅಂಗಡಿಯಾಗ ಒಂದು ಲಕ್ಷದ್ದು ಬೀಜ, ಗೊಬ್ಬರ, ಎಣ್ಣಿ ಉದ್ರಿ ತಂದೆ. ನೂರಕ್ಕ ತಿಂಗಳಿಗೆ ಎರಡು ರೂಪಾಯಿ. ಹತ್ತಿ ಮಾರಿ ಎಂಟು ತಿಂಗಳಿಗೆ ತೀರಿಸಿದೆ, ಬಡ್ಡಿ 16,000. ಅದೇ ಎಂಟು ತಿಂಗಳು ಅದೇ ಒಂದು ಲಕ್ಷಕ್ಕ ಬ್ಯಾಂಕು ನನಗ ಕೊಟ್ಟದ್ದು ಸುಮಾರು 3,600. ಲುಕ್ಸಾನು 12,400. ನನ್ನ ಠೇವಣಿ ಐದು ವರ್ಷದಾಗ ಖರೇ ಗಳಿಸಿದ್ದು ಎಷ್ಟು? 14,100. ಹತ್ತಿರ ಹತ್ತಿರ ಎಲ್ಲ ಅಲ್ಲೇ ಹೋಯ್ತು.

ಠೇವಣಿ ಮುರಿಯೋದು ಬ್ಯಾಡಾಗಿದ್ರ ಅದರ ಮ್ಯಾಲೇ ಬ್ಯಾಂಕಿನಾಗ ಸಾಲ ಸಿಗ್ತಿತ್ತು. ಸಾಮಾನ್ಯವಾಗಿ ಠೇವಣಿ ಬಡ್ಡಿಗಿಂತ ಒಂದು ಪರ್ಸೆಂಟು ಹೆಚ್ಚು ತಗೋತಾರ. 6.4ರಂಗ ಎಂಟು ತಿಂಗಳಿಗೆ 4,300 ಕೊಟ್ರ ಮುಗೀತಿತ್ತು. ಪಾವತಿ ತಗೊಂಡು ಹೋದ್ರ ಸಾಕಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ರೂಪಾಯಿ ಬಡ್ಡಿಯ ಸಾಲ ತೀರಿಸೋದು ಅಂದ್ರ ವರ್ಷಕ್ಕ ಶೇ. 24 ಉಳಿಸಿದಂಗ, ಅದಕ್ಕ ತೆರಿಗೆನೂ ಇಲ್ಲ. ಅಷ್ಟು ಕೊಡೋ ಠೇವಣಿ ಯಾವ ಬ್ಯಾಂಕಿನಾಗೂ ಇಲ್ಲ. ಅಂಗಡಿ ಸಾಲ ಇಟ್ಟುಕೊಂಡು ಠೇವಣಿ ಇಡೋದು ತೂತಿನ ಗಡಿಗಿಗೆ ನೀರು ಹಾಕಿದಂಗ.

ಇನ್ನೊಂದು ತಪ್ಪು, ಕಾಲದ್ದು. 2020ರ ಮೇ ತಿಂಗಳಾಗ ರಿಸರ್ವ್ ಬ್ಯಾಂಕು ರೆಪೋ ದರ ಶೇ. 4ಕ್ಕ ಇಳಿಸಿತ್ತು. ಬಡ್ಡಿ ತಳ ಮುಟ್ಟಿದ ಹೊತ್ತಿನಾಗ ನಾನು ಐದು ವರ್ಷಕ್ಕ ಕಟ್ಟಿಬಿಟ್ಟೆ. 2023ಕ್ಕ ರೆಪೋ 6.5 ಆಗಿ ಹೊಸ ಠೇವಣಿಗೆ 7 ಸಿಗ್ತಿದ್ದಾಗ ನನ್ನದು 5.4ರಲ್ಲೇ ಇತ್ತು. ಒಂದೇ ಕಾಗದದಾಗ ಐದು ಲಕ್ಷ ಇಡೋ ಬದ್ಲಿ ಲಕ್ಷಕ್ಕೊಂದರಂಗ ಐದು ಕಾಗದ ಮಾಡಿ, ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಅಂತ ಬ್ಯಾರೆ ಬ್ಯಾರೆ ಮುದ್ದತಿಗೆ ಇಟ್ಟಿದ್ರ ವರ್ಷಕ್ಕೊಂದು ಬಿಡುಗಡೆ ಆಗಿ ಹೊಸ ದರಕ್ಕ ಹೋಗ್ತಿತ್ತು. ಮುಂಗಾರಿಗೆ ಬೇಕಾದ್ರೂ ಒಂದು ಕಾಗದ ಮುರಿದ್ರ ಸಾಕಿತ್ತು.

"ಹಂಗಿದ್ರ ಹೆಚ್ಚು ಬಡ್ಡಿ ಕೊಡೋ ಸೊಸೈಟಿಗೆ ಹಾಕೋಣು" ಅಂತ ಕಾಕಾ ಒಬ್ಬರು ಅಂದ್ರು. ಬ್ಯಾಡ್ರಿ ಅಂದೆ. ಬ್ಯಾಂಕು ಮುಳುಗಿದ್ರ ಒಬ್ಬರಿಗೆ ಐದು ಲಕ್ಷದ ತನಕ ಠೇವಣಿ ವಿಮೆ ಅದ, ಸಹಕಾರಿ ಬ್ಯಾಂಕಿಗೂ ಅದ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಬಡ್ಡಿ ಎರಡು ಪರ್ಸೆಂಟು ಹೆಚ್ಚು ಬರ್ತದಂತ ಅಸಲಿಗೇ ಕುತ್ತು ತರಬಾರದು. ಠೇವಣಿ ಅನ್ನೋದು ರೊಕ್ಕ ಬೆಳೆಸೋ ಹೊಲ ಅಲ್ಲ, ಕಾಳು ಕೆಡದಂಗ ಇಡೋ ಹಗೇವು. ಹಗೇವಿನಾಗ ಇಟ್ಟ ಜ್ವಾಳ ಹೆಚ್ಚಾಗಲಿ ಅಂತ ಯಾರೂ ಕೇಳಂಗಿಲ್ಲ, ಹುಳ ಹತ್ತದೇ ಇರಲಿ ಅಂತ ನೋಡ್ತೀವಿ. ಇಲ್ಲಿ ಹುಳ ಎರಡು: ಬೆಲೆ ಏರಿಕೆ ಒಂದು, ತೆರಿಗೆ ಒಂದು. ಮೊದಲನೇದು ನಮ್ಮ ಕೈಯಾಗ ಇಲ್ಲ. ಎರಡನೇದು ಬಹಳಮಟ್ಟಿಗೆ ನಮ್ಮ ಕೈಯಾಗೇ ಅದ.

ಈಗ ನಾನು ಮಾಡಿದ್ದು ಹೇಳಿ ಮುಗಿಸ್ತೀನಿ. ಬಂದ ರೊಕ್ಕದಾಗ ಮೊದಲು ಈ ಮುಂಗಾರಿನ ಬೀಜ-ಗೊಬ್ಬರಕ್ಕ ನಗದು ಕೊಟ್ಟೆ, ಉದ್ರಿ ಬರೆಸಲಿಲ್ಲ. ಮಗಳ ಲಗ್ನಕ್ಕ ಎರಡು ತೊಲಿ ತಂದೆ. ಉಳಿದದ್ದು ಲಕ್ಷಕ್ಕೊಂದು ಕಾಗದ ಮಾಡಿ ಇಟ್ಟೆ. ತಮ್ಮ ಅಕ್ಕನ ಜೊತಿ, ನನ್ನ ಜೊತಿ ಮಾತಾಡಿ ತನ್ನದನ್ನ ಅವ್ವನ ಹೆಸರಿಗೆ ಇಟ್ಟ. ಅವ್ವ ಬ್ಯಾಂಕಿನಾಗ ಹೆಬ್ಬೆಟ್ಟು ಒತ್ತಿ ಬಂದು, "ಈಗ ನಾನು ಸಾವ್ಕಾರ್ತಿ, ಚಹಾ ನೀವೇ ಮಾಡ್ರಿ" ಅಂತ ಕುಂತಾಳ.

ನಿಮ್ಮ ಮನ್ಯಾಗೂ ಠೇವಣಿ ಕಾಗದ ಇದ್ರ ತೆಗೆದು ನೋಡ್ರಿ. ದರ ಆಮೇಲೆ ನೋಡ್ರಿ, ಮೊದಲು ಮ್ಯಾಲೆ ಯಾರ ಹೆಸರು ಅದ ನೋಡ್ರಿ.